ಫೋಟೊದಲ್ಲೇ ಹಾಲ್‌ಮಾರ್ಕ್ ಓದುವುದು ಹೇಗೆ: ಒಡವೆಯ ಮುದ್ರೆ, ಅದರ ಹಿಂದಿನ ಹೆಸರು

ಒಡವೆ ಕೈಗೆ ಬರುವ ಮೊದಲು ಅದರ ಫೋಟೊ ಫೋನಿಗೆ ಬರುತ್ತದೆ. ಅಂಗಡಿಯವರು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಪರಿಚಯದವರು ಹಳೆಯ ಸರ ಮಾರಲು ಕಳಿಸುತ್ತಾರೆ, ಊರಲ್ಲಿರುವ ಅಮ್ಮನ ಬಳೆಯ ಮೇಲೆ ಏನು ಬರೆದಿದೆ ಎಂದು ಬೇರೆ ಊರಿನಲ್ಲಿರುವ ಮಕ್ಕಳು ಕೇಳಿ ತರಿಸಿಕೊಳ್ಳುತ್ತಾರೆ. ಆ ಫೋಟೊದಲ್ಲಿರುವ ಚಿಕ್ಕ ಮುದ್ರೆಯನ್ನು ಸರಿಯಾಗಿ ಓದಿದರೆ ಚಿನ್ನ ಎಷ್ಟು ಶುದ್ಧ ಎಂದು ಯಾರು ಹೇಳಿದ್ದಾರೆ, ಎಲ್ಲಿ ಪರೀಕ್ಷೆಯಾಯಿತು, ಯಾವಾಗ ಆಯಿತು, ಪರೀಕ್ಷೆಗೆ ಕಳಿಸಿದವರು ಯಾರು ಎಂಬಷ್ಟು ತಿಳಿಯುತ್ತದೆ. ಒಡವೆಯನ್ನು ನಿಜವಾಗಿ ಮಾಡಿದ ಕೈ ಯಾರದ್ದು ಎಂಬುದು ಮಾತ್ರ ಅಷ್ಟು ನೇರವಾಗಿ ತಿಳಿಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ಓದಬಲ್ಲ ಫೋಟೊ ಬೇಕು

ಮುದ್ರೆಯ ಅಕ್ಷರಗಳು ಬಹಳ ಚಿಕ್ಕವು. ಎಷ್ಟೋ ಸಲ ಒಂದು ಮಿಲಿಮೀಟರ್ ಎತ್ತರವೂ ಇರುವುದಿಲ್ಲ. ಅಕ್ಷರದ ಎತ್ತರ 0.6 ಮಿ.ಮೀ. ಎಂದುಕೊಳ್ಳಿ. 25 ಸೆಂ.ಮೀ. ಅಗಲದ ಜಾಗದಲ್ಲಿ ಹರಡಿಟ್ಟ ಸರವನ್ನು 4000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಹಿಡಿದರೆ ಒಂದು ಮಿ.ಮೀ.ಗೆ 16 ಪಿಕ್ಸೆಲ್ ಸಿಗುತ್ತದೆ. ಅಕ್ಷರಕ್ಕೆ ಸಿಗುವುದು ಬರೀ ಹತ್ತು. ಅದೇ ಫೋಟೊ ವಾಟ್ಸಾಪ್‌ನಲ್ಲಿ ಕುಗ್ಗಿ 1600 ಪಿಕ್ಸೆಲ್ ಆಗಿ ಬಂದರೆ ಅಕ್ಷರಕ್ಕೆ ನಾಲ್ಕೇ ಪಿಕ್ಸೆಲ್ ಉಳಿಯುತ್ತದೆ. ಅದನ್ನು ಎಷ್ಟು ಹಿಗ್ಗಿಸಿದರೂ `8` ಯಾವುದು `B` ಯಾವುದು ಎಂದು ಗೊತ್ತಾಗುವುದಿಲ್ಲ. ಮುದ್ರೆ ಇರುವ ಕೊಂಡಿಯ ಸುತ್ತ ನಾಲ್ಕು ಸೆಂ.ಮೀ. ಜಾಗವನ್ನಷ್ಟೇ ಹಿಡಿದರೆ ಅದೇ ಅಕ್ಷರಕ್ಕೆ 60 ಪಿಕ್ಸೆಲ್ ಸಿಗುತ್ತದೆ. ಓದಲು ಅದು ಧಾರಾಳವಾಯಿತು.

ಹಾಗಾಗಿ ಫೋಟೊ ಕಳಿಸುವವರಿಗೆ ಹೀಗೆ ಹೇಳಿ: ಒಡವೆಯನ್ನು ಬಿಳಿ ಕಾಗದದ ಮೇಲಿಡಿ, ಫ್ಲ್ಯಾಷ್ ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಇಡಿ. ನೇರ ಬೆಳಕಿನಲ್ಲಿ ಚಿನ್ನ ಹೊಳೆದು ಗೆರೆಗಳು ಮರೆಯಾಗುತ್ತವೆ; ಓರೆ ಬೆಳಕಿನಲ್ಲಿ ಗೆರೆಯ ಒಳಗೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಫೋನನ್ನು ತೀರಾ ಹತ್ತಿರ ಒಯ್ದರೆ ಫೋಕಸ್ ತಪ್ಪುತ್ತದೆ. ಒಂದು ಗೇಣು ದೂರದಲ್ಲಿ ಹಿಡಿದು ಎರಡು ಪಟ್ಟು ಜೂಮ್ ಮಾಡುವುದು ಒಳ್ಳೆಯದು. 10 ಪಟ್ಟು ಹಿಗ್ಗಿಸುವ ಲೂಪ್ ಇದ್ದರೆ ಅದನ್ನು ಕ್ಯಾಮೆರಾ ಮುಂದೆ ಹಿಡಿದು ತೆಗೆಯಬಹುದು. ಕೋನವನ್ನು ಸ್ವಲ್ಪ ಸ್ವಲ್ಪ ಬದಲಿಸಿ ನಾಲ್ಕೈದು ಫೋಟೊ ತೆಗೆಯಲಿ, ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ. ಆಗ ಅದು ಕುಗ್ಗುವುದಿಲ್ಲ.

ಬಳಸಿದ ಒಡವೆಯಲ್ಲಿ ಬೆವರು, ಸೋಪು, ಅರಿಸಿನ ಸೇರಿ ಮುದ್ರೆ ತುಂಬಿಕೊಂಡಿರುತ್ತದೆ. ಮೆತ್ತನೆಯ ಬ್ರಷ್‌ಗೆ ಸೋಪಿನ ನೀರು ಹಚ್ಚಿ ಆ ಜಾಗವನ್ನಷ್ಟೇ ಉಜ್ಜಿ ಒರೆಸಿದರೆ ಸಾಕು. ಅರಗು ತುಂಬಿದ ಒಡವೆಯನ್ನೂ ಮುತ್ತಿನ ಒಡವೆಯನ್ನೂ ನೀರಿನಲ್ಲಿ ಅದ್ದಬಾರದು. ಒಣಗಿದ ಮೇಲೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಬೆರಳಿನಿಂದ ಒರೆಸಿದರೆ ಪುಡಿ ಗೆರೆಗಳ ಒಳಗೆ ಮಾತ್ರ ಉಳಿದು ಅಕ್ಷರ ಬಿಳಿಯಾಗಿ ಕಾಣುತ್ತದೆ.

ಮುದ್ರೆ ಎಲ್ಲಿರುತ್ತದೆ ಎಂದು ಹುಡುಕುವುದೂ ಒಂದು ಕೆಲಸವೇ. ಸರದಲ್ಲಿ ಸಾಮಾನ್ಯವಾಗಿ ಕೊಂಡಿಯ ಮೇಲೆ ಅಥವಾ ಕೊಂಡಿಯ ಪಕ್ಕದ ಚಿಕ್ಕ ತಗಡಿನ ಮೇಲೆ, ಬಳೆ ಮತ್ತು ಉಂಗುರದಲ್ಲಿ ಒಳಮೈಯಲ್ಲಿ, ಪದಕದಲ್ಲಿ ಹಿಂಬದಿಯಲ್ಲಿ, ಓಲೆ ಜುಮುಕಿಯಲ್ಲಿ ಹಿಂಬದಿ ಅಥವಾ ತಿರುಪಿನ ಕಡ್ಡಿಯ ಬುಡದಲ್ಲಿ ಇರುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಕುಂದನ್, ಪೋಲ್ಕಿ, ಜಡಾವು ಕೆಲಸದ ಒಡವೆಗೂ ವಿನಾಯಿತಿ ಇದೆ. ಆದ್ದರಿಂದ ಮೂಗುತಿಯಲ್ಲಿ ಮುದ್ರೆ ಇಲ್ಲ ಎಂಬುದನ್ನೇ ಹಿಡಿದು ಮೋಸ ಎನ್ನಲಾಗದು.

ಮೂರು ಗುರುತು: ಈಗಿನ ಮುದ್ರೆ

ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, ಚಿನ್ನದ ಹಾಲ್‌ಮಾರ್ಕಿಂಗ್ ಆರಂಭಿಸಿದ್ದು 2000ದಲ್ಲಿ. ಅದು ಹಂತಹಂತವಾಗಿ ಕಡ್ಡಾಯವಾಗತೊಡಗಿದ್ದು 2021ರ ಜೂನ್ 16ರಿಂದ, ಮೊದಲಿಗೆ 256 ಜಿಲ್ಲೆಗಳಲ್ಲಿ. ಅದೇ ವರ್ಷದ ಜುಲೈ 1ರಿಂದ ಮುದ್ರೆಯಲ್ಲಿ ಮೂರೇ ಗುರುತು: ತ್ರಿಕೋನಾಕಾರದ ಬಿಐಎಸ್ ಚಿಹ್ನೆ, ಶುದ್ಧತೆ, ಎಚ್‌ಯುಐಡಿ ಎಂಬ ಆರು ಅಕ್ಷರದ ಸಂಕೇತ.

ಶುದ್ಧತೆಯನ್ನು `22K916` ಎಂಬ ರೀತಿಯಲ್ಲಿ ಕ್ಯಾರಟ್ ಮತ್ತು ಸಾವಿರದ ಲೆಕ್ಕ ಎರಡನ್ನೂ ಸೇರಿಸಿ ಹಾಕಿರುತ್ತಾರೆ. 24ರಲ್ಲಿ 22 ಪಾಲು ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ. ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಹೀಗೆಯೇ `18K750`, `14K585`, `20K833`, `23K958` ಕಾಣಸಿಗುತ್ತವೆ. 2025ರಲ್ಲಿ `9K375` ಕೂಡ ಸೇರಿದೆ. ಕ್ಯಾರಟ್‌ಗೂ ಸಂಖ್ಯೆಗೂ ಹೊಂದಿಕೆ ಇರಲೇಬೇಕು. `22K750` ಎಂದು ಕಂಡರೆ ನೀವು ತಪ್ಪು ಓದಿರಬೇಕು, ಇಲ್ಲವೇ ಮುದ್ರೆಯೇ ಸುಳ್ಳಾಗಿರಬೇಕು.

ಬರೀ `916` ಎಂದಿದ್ದರೆ ಅದು ಹಾಲ್‌ಮಾರ್ಕ್ ಅಲ್ಲ. ಯಾವ ಅಚ್ಚಿನಿಂದ ಯಾರು ಬೇಕಾದರೂ ಹಾಕಬಹುದಾದ ಸಂಖ್ಯೆ ಅದು. `KDM` ಎಂಬುದೂ ಹಾಗೆಯೇ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯನ್ನು ಸೂಚಿಸುತ್ತದೆ, ಶುದ್ಧತೆಯ ಪ್ರಮಾಣವಲ್ಲ. ಕ್ಯಾಡ್ಮಿಯಂ ಹೊಗೆ ಬೆಸುಗೆ ಹಾಕುವ ಅಕ್ಕಸಾಲಿಗರ ಶ್ವಾಸಕೋಶಕ್ಕೆ ವಿಷ. ‘ಕೆಡಿಎಂ ಚಿನ್ನ’ ಎಂದರೆ ಹೆಚ್ಚಿನ ಗುಣಮಟ್ಟದ್ದು ಎಂದು ಈಗಲೂ ನಂಬಿಸುವವರಿದ್ದಾರೆ; ಆ ನಂಬಿಕೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಬಂಗಾರದ ಬಣ್ಣದ ಒಡವೆಯ ಮೇಲೆ `925` ಇದ್ದರೆ ಅದು ಚಿನ್ನದ ನೀರು ಹಾಕಿದ ಬೆಳ್ಳಿ. `GP` ಎಂದರೆ ಲೇಪನ.

ಆರು ಅಕ್ಷರದ ಸಂಕೇತ: ಊಹಿಸಿ ತುಂಬಬೇಡಿ

ಎಚ್‌ಯುಐಡಿಯಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಬೆರೆತಿರುತ್ತವೆ. ಪ್ರತಿ ಒಡವೆಗೂ ಬೇರೆ ಬೇರೆ ಸಂಕೇತ. ಬಿಐಎಸ್ ಕೇರ್ ಆ್ಯಪ್ ತೆರೆದು `Verify HUID` ಒತ್ತಿ ಆರೂ ಅಕ್ಷರ ತುಂಬಿದರೆ ಒಡವೆಯ ಬಗೆ, ಶುದ್ಧತೆ, ನೋಂದಾಯಿತ ಆಭರಣ ವ್ಯಾಪಾರಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಪರೀಕ್ಷಿಸಿದ ಹಾಲ್‌ಮಾರ್ಕಿಂಗ್ ಕೇಂದ್ರದ ಹೆಸರು ಮತ್ತು ವಿಳಾಸ, ಮುದ್ರೆ ಹಾಕಿದ ದಿನಾಂಕ ಬರುತ್ತವೆ.

ಫೋಟೊದಲ್ಲಿ ಓದುವಾಗ ಕೆಲವು ಜೋಡಿಗಳು ಕಣ್ಣಿಗೆ ಮೋಸ ಮಾಡುತ್ತವೆ: `0` ಮತ್ತು `O`, `8` ಮತ್ತು `B`, `5` ಮತ್ತು `S`, `1` ಮತ್ತು `I`, `2` ಮತ್ತು `Z`. ಸಂದೇಹವಿರುವ ಜಾಗದಲ್ಲಿ ಎರಡನ್ನೂ ಹಾಕಿ ನೋಡುವುದು ಸಹಜ. ಆದರೆ ಇಲ್ಲೊಂದು ಗುಂಡಿ ಇದೆ. 26 ಅಕ್ಷರ, 10 ಅಂಕಿ, ಆರು ಸ್ಥಾನ ಎಂದು ಲೆಕ್ಕ ಹಾಕಿದರೆ ಗರಿಷ್ಠ 217 ಕೋಟಿ ಚಿಲ್ಲರೆ ಸಂಕೇತ ಸಾಧ್ಯ. 2024ರ ನವೆಂಬರ್ ಹೊತ್ತಿಗೇ 40 ಕೋಟಿಗೂ ಹೆಚ್ಚು ಒಡವೆಗಳಿಗೆ ಎಚ್‌ಯುಐಡಿ ಕೊಟ್ಟಾಗಿತ್ತು. ಅಂದರೆ ನೀವು ತಪ್ಪಾಗಿ ಊಹಿಸಿದ ಸಂಕೇತವೂ ಸರಿಸುಮಾರು ಐದರಲ್ಲಿ ಒಂದು ಸಲ ಬೇರೆ ಯಾರದೋ ಒಡವೆಗೆ ಹೊಂದಿಬಿಡಬಹುದು. ಆ್ಯಪ್‌ನಲ್ಲಿ ‘ಏನೋ ಬಂತು’ ಎಂದಾಕ್ಷಣ ಸರಿ ಎಂದುಕೊಳ್ಳಬಾರದು. ಬಂದದ್ದು ಫೋಟೊದಲ್ಲಿರುವ ಒಡವೆಗೆ ಹೊಂದುತ್ತದೆಯೇ ಎಂದು ನೋಡಬೇಕು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಮೈಸೂರಿನವರೊಬ್ಬರು 20 ಗ್ರಾಂ ತೂಕದ ಅವಲಕ್ಕಿ ಸರವನ್ನು ಮಾರುತ್ತಿದ್ದಾರೆ, 2022ರಲ್ಲಿ ಮೈಸೂರಿನ ಅಂಗಡಿಯಲ್ಲಿ ಕೊಂಡದ್ದು ಎನ್ನುತ್ತಾರೆ ಎಂದುಕೊಳ್ಳಿ. ಕೊಂಡಿಯ ಫೋಟೊದಲ್ಲಿ ತ್ರಿಕೋನ ಚಿಹ್ನೆ, `22K916`, ನಂತರ `K?4M2?` ಎಂದು ಕಾಣುತ್ತದೆ. ಎರಡನೆಯ ಸ್ಥಾನ `8` ಅಥವಾ `B`, ಆರನೆಯದು `0` ಅಥವಾ `O`. ಒಟ್ಟು ನಾಲ್ಕು ಸಾಧ್ಯತೆ. ನಾಲ್ಕನ್ನೂ ಆ್ಯಪ್‌ನಲ್ಲಿ ಹಾಕಿದಾಗ ಎರಡಕ್ಕೆ ಏನೂ ಬರುವುದಿಲ್ಲ. ಒಂದಕ್ಕೆ 18 ಕ್ಯಾರಟ್‌ನ ಉಂಗುರ ಎಂದು ಬರುತ್ತದೆ. ನಮ್ಮದು 22 ಕ್ಯಾರಟ್ ಸರ, ಹಾಗಾಗಿ ಅದನ್ನು ಬಿಡಬೇಕು. ಉಳಿದೊಂದಕ್ಕೆ 22 ಕ್ಯಾರಟ್ ಸರ, ವ್ಯಾಪಾರಿ ಕೊಯಮತ್ತೂರಿನ ಒಂದು ಸಂಸ್ಥೆ, ಹಾಲ್‌ಮಾರ್ಕಿಂಗ್ ಕೇಂದ್ರವೂ ಕೊಯಮತ್ತೂರಿನದೇ, ದಿನಾಂಕ 2022ರ ಮಾರ್ಚ್ ಎಂದು ಬರುತ್ತದೆ. ಒಡವೆಯ ಬಗೆ, ಶುದ್ಧತೆ, ಕಾಲ ಮೂರೂ ಹೊಂದಿದವು. ಇನ್ನು ಉಳಿದ ಪ್ರಶ್ನೆ: ಮೈಸೂರಿನ ಅಂಗಡಿಯ ಸರಕ್ಕೆ ಕೊಯಮತ್ತೂರಿನ ಹೆಸರು ಏಕೆ?

ದಾಖಲೆಯಲ್ಲಿರುವ ಹೆಸರು ಯಾರದ್ದು

ಹಾಲ್‌ಮಾರ್ಕ್ ದಾಖಲೆಯಲ್ಲಿ ಬರುವುದು ಒಡವೆಯನ್ನು ಪರೀಕ್ಷೆಗೆ ಕಳಿಸಿದ ನೋಂದಾಯಿತ ವ್ಯಾಪಾರಿಯ ಹೆಸರು. ಅವರು ಚಿಲ್ಲರೆ ಅಂಗಡಿಯವರಾಗಿರಬಹುದು, ಸಗಟು ವ್ಯಾಪಾರಿಯಾಗಿರಬಹುದು, ತಯಾರಿಕಾ ಘಟಕದವರಾಗಿರಬಹುದು. ಕರ್ನಾಟಕದ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿರುವ ಎಷ್ಟೋ ಒಡವೆಗಳು ಆ ಊರಿನಲ್ಲಿ ತಯಾರಾದವಲ್ಲ. ಕೊಯಮತ್ತೂರು, ತ್ರಿಶೂರು, ಮುಂಬೈ, ರಾಜಕೋಟ್, ಕೋಲ್ಕತ್ತಾಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಒಡವೆ ತಯಾರಾಗಿ ಬೇರೆ ರಾಜ್ಯಗಳ ಅಂಗಡಿಗಳಿಗೆ ಹೋಗುತ್ತದೆ. ತಯಾರಕರೇ ಅಲ್ಲೇ ಮುದ್ರೆ ಹಾಕಿಸಿ ಕಳಿಸಿದ್ದರೆ ದಾಖಲೆಯಲ್ಲಿ ಅವರ ಹೆಸರಿರುತ್ತದೆ. ಅಂಗಡಿಯವರು ಮುದ್ರೆಯಿಲ್ಲದ ಸರಕು ತರಿಸಿ ತಾವೇ ಪರೀಕ್ಷೆಗೆ ಕಳಿಸಿದ್ದರೆ ಅವರ ಹೆಸರಿರುತ್ತದೆ.

ಆದ್ದರಿಂದ ನಮ್ಮ ಉದಾಹರಣೆಯಲ್ಲಿ ಎರಡು ಊರಿನ ಹೆಸರು ಬಂದದ್ದು ಮೋಸದ ಗುರುತಲ್ಲ, ಮೈಸೂರಿನ ಅಂಗಡಿಯವರು ಸಗಟು ಮಾಲು ತಂದು ಮಾರಿದ್ದಾರೆ ಎಂಬುದೇ ಸಹಜವಾದ ವಿವರಣೆ. ಇಂಥ ಕಡೆ ವ್ಯಾಪಾರಿಯ ಹೆಸರಿಗಿಂತ ಹಾಲ್‌ಮಾರ್ಕಿಂಗ್ ಕೇಂದ್ರದ ಊರು ಹೆಚ್ಚು ಸುಳಿವು ಕೊಡುತ್ತದೆ. ಮುದ್ರೆಗಾಗಿ ಚಿನ್ನವನ್ನು ಯಾರೂ ಸುಮ್ಮನೆ ದೂರ ಒಯ್ಯುವುದಿಲ್ಲ, ಹತ್ತಿರದ ಕೇಂದ್ರಕ್ಕೇ ಕೊಡುತ್ತಾರೆ. ಕೇಂದ್ರ ಕೊಯಮತ್ತೂರಿನದಾದರೆ ಒಡವೆ ಸಿದ್ಧವಾಗಿ ಕೂತಿದ್ದು ಆ ಕಡೆ ಎನ್ನಬಹುದು. ಇದು ಬಲವಾದ ಸುಳಿವು, ಪುರಾವೆಯಲ್ಲ.

‘ನಮ್ಮಲ್ಲೇ ನಮ್ಮ ಆಚಾರಿಗಳು ಕೈಯಲ್ಲೇ ಮಾಡಿದ್ದು’ ಎಂದು ಹೇಳಿ ಅದಕ್ಕೆ ಹೆಚ್ಚು ಮೇಕಿಂಗ್ ಚಾರ್ಜ್ ಕೇಳುವಾಗ ಈ ಸುಳಿವು ಬೆಲೆಬಾಳುತ್ತದೆ. ಮುದ್ರೆ ಬೇರೆ ರಾಜ್ಯದ ಸಗಟು ಸಂಸ್ಥೆಯ ಹೆಸರಿನಲ್ಲಿದ್ದರೆ ಆ ಮಾತಿಗೆ ವಿವರಣೆ ಕೇಳುವ ಹಕ್ಕು ನಿಮಗಿದೆ. ಕೈಕೆಲಸಕ್ಕೆ ಕೊಡುವ ಹಣ ಕೈಕೆಲಸ ಮಾಡಿದವರಿಗೇ ಸಲ್ಲಬೇಕು.

ದಿನಾಂಕವನ್ನೂ ಎಚ್ಚರದಿಂದ ಓದಬೇಕು. ಅದು ಮುದ್ರೆ ಹಾಕಿದ ದಿನ, ಒಡವೆ ಮಾಡಿದ ದಿನವಲ್ಲ. ಹಳೆಯ ದಾಸ್ತಾನಿಗೂ ನಂತರ ಮುದ್ರೆ ಹಾಕಿಸಬಹುದು. ಆ ದಿನಾಂಕಕ್ಕಿಂತ ಮೊದಲೇ ಒಡವೆ ತಯಾರಾಗಿತ್ತು ಎಂಬಷ್ಟು ಮಾತ್ರ ಖಚಿತ. ಬಿಲ್ಲಿನ ಜೊತೆ ಹೋಲಿಸಿ ನೋಡಿದಾಗ ಇದು ಉಪಯೋಗಕ್ಕೆ ಬರುತ್ತದೆ: ಬಿಲ್ಲು ಮುದ್ರೆಯ ನಂತರದ್ದಾಗಿರಬೇಕು. ಮುದ್ರೆ 2024ರದ್ದು, ಬಿಲ್ಲು 2022ರದ್ದು ಎಂದಾದರೆ ಆ ಬಿಲ್ಲು ಬೇರೆ ಒಡವೆಯದ್ದಾಗಿರಬಹುದು, ಅಥವಾ ಒಡವೆ ನಡುವೆ ಮತ್ತೊಬ್ಬ ವ್ಯಾಪಾರಿಯ ಕೈಗೆ ಹೋಗಿ ಹೊಸ ಮುದ್ರೆ ಪಡೆದಿರಬಹುದು. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಒಡವೆಯ ವಿವರ, ಚಿನ್ನದ ನಿವ್ವಳ ತೂಕ, ಕ್ಯಾರಟ್ ಮತ್ತು ಶುದ್ಧತೆ, ಹಾಲ್‌ಮಾರ್ಕಿಂಗ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು. ಬಿಲ್ಲಿನ ಫೋಟೊವನ್ನೂ ತರಿಸಿಕೊಳ್ಳಿ.

ಹಳೆಯ ಮುದ್ರೆ: ಮಾಡಿಸಿದವರ ಗುರುತು ಇರುತ್ತಿದ್ದ ಕಾಲ

2021ರ ಜುಲೈಗೆ ಮೊದಲು ಮುದ್ರೆಯಲ್ಲಿ ನಾಲ್ಕು ಗುರುತು ಇರುತ್ತಿದ್ದವು: ಬಿಐಎಸ್ ಚಿಹ್ನೆ, ಶುದ್ಧತೆ, ಹಾಲ್‌ಮಾರ್ಕಿಂಗ್ ಕೇಂದ್ರದ ಗುರುತು, ಆಭರಣ ವ್ಯಾಪಾರಿಯ ಗುರುತು. 2017ಕ್ಕೂ ಮೊದಲಾದರೆ ಶುದ್ಧತೆ ಬರೀ `916` ಎಂಬ ಸಂಖ್ಯೆಯಾಗಿರುತ್ತಿತ್ತು. ಜೊತೆಗೆ ವರ್ಷ ಸೂಚಿಸುವ ಇಂಗ್ಲಿಷ್ ಅಕ್ಷರವೂ ಇರುತ್ತಿತ್ತು: 2000ಕ್ಕೆ `A`, 2001ಕ್ಕೆ `B`, ಹೀಗೆ ಮುಂದೆ. ಹಾಗಾಗಿ ಬಿಐಎಸ್ ಚಿಹ್ನೆಯ ಪಕ್ಕ `916`, ಒಂದು ಒಂಟಿ ಅಕ್ಷರ, ಎರಡು ಪುಟ್ಟ ಲಾಂಛನ ಕಂಡರೆ ಅದು 2017ಕ್ಕಿಂತ ಹಿಂದಿನ ಮುದ್ರೆ. ‘916 ಒಂದೇ ಇದ್ದರೆ ಹಾಲ್‌ಮಾರ್ಕ್ ಅಲ್ಲ’ ಎಂಬ ಮಾತು ಇದಕ್ಕೆ ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿ ಅದು ಒಂಟಿಯಾಗಿಲ್ಲ.

ಮಾಡಿಸಿದವರನ್ನು ಹುಡುಕುವವರಿಗೆ ಈ ಹಳೆಯ ಮುದ್ರೆ ಹೆಚ್ಚು ಇಷ್ಟವಾಗುತ್ತದೆ, ಏಕೆಂದರೆ ಅಂಗಡಿಯ ಹೆಸರಿನ ಮೊದಲಕ್ಷರಗಳೋ ಲಾಂಛನವೋ ಒಡವೆಯ ಮೇಲೆಯೇ ಕಣ್ಣಿಗೆ ಕಾಣುತ್ತದೆ. ಎರಡು ಲಾಂಛನಗಳಲ್ಲಿ ಯಾವುದು ಕೇಂದ್ರದ್ದು, ಯಾವುದು ಅಂಗಡಿಯದ್ದು ಎಂಬ ಗೊಂದಲಕ್ಕೆ ಮನೆಯಲ್ಲೇ ಪರಿಹಾರವಿದೆ. ಬೇರೆ ಅಂಗಡಿಯಲ್ಲಿ ಕೊಂಡ, ಅದೇ ಕಾಲದ ಇನ್ನೊಂದು ಒಡವೆಯ ಮುದ್ರೆಯನ್ನು ಪಕ್ಕದಲ್ಲಿಟ್ಟು ನೋಡಿ. ಅದೇ ಊರಿನ ಅಂಗಡಿಗಳಾದರೆ ಎರಡರಲ್ಲೂ ಒಂದೇ ಬಗೆಯಾಗಿರುವುದು ಕೇಂದ್ರದ್ದಾಗಿರುವ ಸಂಭವ ಹೆಚ್ಚು, ಬದಲಾಗಿರುವುದು ಅಂಗಡಿಯದ್ದು. ಹಳೆಯ ಬಿಲ್ಲಿನ ತಲೆಬರಹದಲ್ಲಿ, ಒಡವೆಯ ಡಬ್ಬಿಯ ಮುಚ್ಚಳದಲ್ಲಿ ಅದೇ ಲಾಂಛನ ಸಿಕ್ಕರೆ ಮಾತು ಮುಗಿಯಿತು.

ಹಾಲ್‌ಮಾರ್ಕ್‌ಗೂ ಹಿಂದಿನ ಅಜ್ಜಿ ಕಾಲದ ಒಡವೆಯಲ್ಲಿ ಪತ್ತಾರರೋ ಅಂಗಡಿಯವರೋ ಅಚ್ಚಿನಿಂದ ಹೊಡೆದ ಎರಡು ಮೂರು ಅಕ್ಷರ ಮಾತ್ರ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಅದು ಮಾಡಿದವರ ನಿಜವಾದ ಸಹಿ. ಶುದ್ಧತೆಗೆ ಮಾತ್ರ ಅದರಿಂದ ಆಧಾರವಿಲ್ಲ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಮನೆಯಲ್ಲಿರುವ ಹಳೆಯ ಒಡವೆಗೆ ಈ ನಿಯಮ ತಾಗುವುದಿಲ್ಲ, ಅದನ್ನು ಎಂದಿನಂತೆ ಇಟ್ಟುಕೊಳ್ಳಬಹುದು, ಅಂಗಡಿಗೆ ಮಾರಲೂಬಹುದು.

ಮಂಗಳೂರು, ಭಟ್ಕಳದ ಕಡೆ ಕೊಲ್ಲಿ ದೇಶಗಳಿಂದ ಬಂದ ಒಡವೆ ಬಹಳ. ಅಲ್ಲಿ `875`, ಅಂದರೆ 21 ಕ್ಯಾರಟ್, ತುಂಬ ಸಾಮಾನ್ಯ. ಅದರಲ್ಲಿ ಬಿಐಎಸ್ ಚಿಹ್ನೆ ಇರುವುದಿಲ್ಲ, ಆ್ಯಪ್‌ನಲ್ಲಿ ಹುಡುಕಿದರೂ ಏನೂ ಸಿಗದು, ಅದು ತಪ್ಪಲ್ಲ. ಇಟಲಿಯ ಸರದಲ್ಲಿ ನಕ್ಷತ್ರ, ಒಂದು ಸಂಖ್ಯೆ, ಎರಡು ಅಕ್ಷರ ಇರುವ ಚೌಕಟ್ಟು ಕಂಡರೆ ಆ ಸಂಖ್ಯೆ ತಯಾರಕರದ್ದು, ಅಕ್ಷರಗಳು ಪ್ರಾಂತ್ಯದ್ದು. `AR` ಎಂದರೆ ಅರೆಟ್ಸೊ. ಅಲ್ಲಿ ಮುದ್ರೆಯೇ ತಯಾರಕರ ಕಡೆ ನೇರವಾಗಿ ಬೆರಳು ತೋರಿಸುತ್ತದೆ.

ಮೋಸ ಎಲ್ಲಿ ಅಡಗಿರುತ್ತದೆ

ಈಗಿನ ಮುದ್ರೆಯನ್ನು ಲೇಸರ್‌ನಿಂದ ಹಾಕುತ್ತಾರೆ. ಹಿಗ್ಗಿಸಿ ನೋಡಿದರೆ ಗೆರೆ ತೆಳ್ಳಗೆ, ಎಲ್ಲ ಕಡೆ ಒಂದೇ ಆಳದಲ್ಲಿ, ಸ್ವಲ್ಪ ಮಂಕು ಬಣ್ಣದಲ್ಲಿ ಕಾಣುತ್ತದೆ. ಅಚ್ಚಿನಿಂದ ಹೊಡೆದದ್ದಾದರೆ ಅಕ್ಷರದ ಅಂಚಿನಲ್ಲಿ ಲೋಹ ಉಬ್ಬಿರುತ್ತದೆ, ಒಂದು ಕಡೆ ಆಳ ಇನ್ನೊಂದು ಕಡೆ ತೆಳುವಾಗಿರುತ್ತದೆ, ತಗಡು ತೆಳುವಾಗಿದ್ದರೆ ಹಿಂಬದಿಯಲ್ಲೂ ಗುರುತು ಮೂಡಿರುತ್ತದೆ. ಹಳೆಯ ಮುದ್ರೆಗಳಲ್ಲಿ ಅಚ್ಚು ಇರಬಹುದು. ಆದರೆ ಎಚ್‌ಯುಐಡಿಯೇ ಅಚ್ಚಿನಲ್ಲಿ ಹೊಡೆದಂತೆ ಕಂಡರೆ ಅನುಮಾನಿಸಲೇಬೇಕು, ಏಕೆಂದರೆ ಪ್ರತಿ ಒಡವೆಗೂ ಬದಲಾಗುವ ಸಂಕೇತಕ್ಕೆ ಯಾರೂ ಪ್ರತ್ಯೇಕ ಅಚ್ಚು ಮಾಡಿಸುವುದಿಲ್ಲ.

ಇನ್ನೊಂದು ಬಗೆ ಎಂದರೆ ನಿಜವಾದ ಸಂಕೇತವೊಂದನ್ನು ಕದ್ದು ಹಲವು ಒಡವೆಗಳ ಮೇಲೆ ಕೆತ್ತುವುದು. ಆ್ಯಪ್ ಅದನ್ನು ಸರಿ ಎಂದೇ ತೋರಿಸುತ್ತದೆ. ಹಿಡಿಯುವ ದಾರಿ ಸರಳ: ಅದೇ ಮಾರಾಟಗಾರರ ಬಳಿ ಇರುವ ಇನ್ನೆರಡು ಒಡವೆಗಳ ಮುದ್ರೆಯ ಫೋಟೊವನ್ನೂ ಕೇಳಿ. ಎರಡರಲ್ಲಿ ಒಂದೇ ಸಂಕೇತ ಕಂಡರೆ ಮತ್ತೇನೂ ನೋಡಬೇಕಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕೊಂಡಿ ಬದಲಿಸುವುದು. ಹಾಲ್‌ಮಾರ್ಕ್ ಇರುವ ಕೊಂಡಿಯನ್ನೋ ತಗಡನ್ನೋ ಕತ್ತರಿಸಿ ಕಡಿಮೆ ಗುಣದ ಸರಕ್ಕೆ ಬೆಸೆದರೆ ಮುದ್ರೆ ಅಪ್ಪಟ, ಸರ ಮಾತ್ರ ಬೇರೆ. ಹಾಗಾಗಿ ಕೊಂಡಿ ಸರಕ್ಕೆ ಸೇರುವ ಜಾಗದ ಹತ್ತಿರದ ಫೋಟೊ ಬೇಕೇ ಬೇಕು, ಸರದ ಎರಡೂ ತುದಿಯದ್ದು. ಒಂದು ತುದಿಯ ಬೆಸುಗೆ ನುಣ್ಣಗಿದ್ದು ಇನ್ನೊಂದು ತುದಿಯಲ್ಲಿ ಬೆಸುಗೆ ಗಂಟುಗಂಟಾಗಿ ಹರಡಿದ್ದರೆ, ಕೊಂಡಿಯ ಬಣ್ಣ ಕೆಂಪಾಗಿದ್ದು ಸರ ಹಳದಿಯಾಗಿದ್ದರೆ, ಸರ ಸವೆದಿದ್ದು ಕೊಂಡಿ ಹೊಸದರಂತೆ ಚೂಪಾಗಿದ್ದರೆ ಅಲ್ಲಿ ಯಾರದೋ ಕೈ ಆಡಿದೆ. ಪ್ರಾಮಾಣಿಕ ರಿಪೇರಿಯೂ ಹೀಗೆಯೇ ಕಾಣುತ್ತದೆ. ತುಂಡಾದ ಕೊಂಡಿಯನ್ನು ಬದಲಿಸುವುದು ದಿನನಿತ್ಯದ ಕೆಲಸ. ಫೋಟೊ ಇವೆರಡನ್ನು ಬೇರ್ಪಡಿಸಲಾರದು, ಪರೀಕ್ಷೆ ಬೇರ್ಪಡಿಸುತ್ತದೆ.

ಫೋಟೊ ಮುಗಿದ ಮೇಲೆ ಪರೀಕ್ಷೆ

ಯಾರು ಬೇಕಾದರೂ ತಮ್ಮ ಒಡವೆಯನ್ನು ಬಿಐಎಸ್ ಮಾನ್ಯತೆ ಪಡೆದ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಬಹುದು. ನಿಗದಿಯಾದ ಶುಲ್ಕ ನಾಲ್ಕು ಒಡವೆಗಳವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ 45 ರೂಪಾಯಿ. ಎಕ್ಸ್‌ರೇ ಯಂತ್ರ ಮೇಲ್ಮೈಯ ತೆಳು ಪದರವನ್ನಷ್ಟೇ ಓದುತ್ತದೆ, ದಪ್ಪ ಲೇಪನವಿದ್ದರೆ ಅದಕ್ಕೂ ಮೋಸವಾಗುತ್ತದೆ. ಆದ್ದರಿಂದ ಸರವನ್ನು ಕೊಂಡಿಯಲ್ಲಿ ಮಾತ್ರವಲ್ಲ, ನಡುವಿನ ಎರಡು ಮೂರು ಕಡೆ ಮತ್ತು ಸವೆದ ಜಾಗದಲ್ಲಿ ಓದಿಸಲು ಹೇಳಿ. ಖಚಿತವಾಗಿ ತಿಳಿಯಲು ಒಂದಿಷ್ಟು ಲೋಹ ತೆಗೆದು ಕುಲುಮೆಯಲ್ಲಿ ಕರಗಿಸುವ ಪರೀಕ್ಷೆ ಬೇಕಾಗುತ್ತದೆ. ಒಡವೆಗೆ ಅಷ್ಟು ಹಾನಿಯಾಗುತ್ತದೆ ಎಂದು ತಿಳಿದೇ ಒಪ್ಪಬೇಕು.

ಅಂಗಡಿಯಿಂದ ಕೊಂಡ ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕಡಿಮೆ ಎಂದು ತಿಳಿದುಬಂದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕೊರತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಶುಲ್ಕ ಪರಿಹಾರವಾಗಿ ಸಿಗಬೇಕು. 20 ಗ್ರಾಂ ಸರ 916 ಇರಬೇಕಾದ ಕಡೆ 880 ಬಂದಿದೆ ಎಂದುಕೊಳ್ಳಿ. ಸಾವಿರಕ್ಕೆ 36ರಂತೆ 20 ಗ್ರಾಂಗೆ 0.72 ಗ್ರಾಂ ಚಿನ್ನ ಕಡಿಮೆ. ಕೇಳಬೇಕಾದದ್ದು 1.44 ಗ್ರಾಂ ಚಿನ್ನದ ಬೆಲೆ ಮತ್ತು ಪರೀಕ್ಷೆಗೆ ಕೊಟ್ಟ ಹಣ. ದೂರು ಕೊಡಲು ಬಿಐಎಸ್ ಕೇರ್ ಆ್ಯಪ್‌ನಲ್ಲೇ ಅವಕಾಶವಿದೆ. ಬಿಲ್ಲು, ಮುದ್ರೆಯ ಸ್ಪಷ್ಟ ಫೋಟೊ, ಎಚ್‌ಯುಐಡಿ ದಾಖಲೆಯ ಸ್ಕ್ರೀನ್‌ಶಾಟ್ ಮೂರನ್ನೂ ಒಡವೆ ಕೊಂಡ ದಿನವೇ ತೆಗೆದಿಟ್ಟುಕೊಳ್ಳಿ. ಕೊಂಡಿ ನಾಲ್ಕು ವರ್ಷ ಕುತ್ತಿಗೆಗೆ ಉಜ್ಜಿದ ಮೇಲೆ ಅದೇ ಮುದ್ರೆ ಓದಲು ಸಿಗದೇ ಹೋಗಬಹುದು.